ಒಂದು ದೊಡ್ಡ ಕಾಡೋ, ಹಲವು ಚಿಕ್ಕ ಕಾಡುಗಳೋ: ‘ಸ್ಲಾಸ್’ ವಾದವನ್ನು ಲೆಕ್ಕ ಹಾಕಿ ಓದುವುದು

‘ಸಿಂಗಲ್ ಲಾರ್ಜ್ ಆರ್ ಸೆವೆರಲ್ ಸ್ಮಾಲ್’ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳಿಂದ ಸಂರಕ್ಷಣಾ ಜೀವಶಾಸ್ತ್ರದಲ್ಲಿ ‘ಸ್ಲಾಸ್’ ಎಂದು ಹೆಸರಾದ ವಾದದ ಮೂಲಪ್ರಶ್ನೆ ಸರಳವಾಗಿದೆ. ರಕ್ಷಿಸಲು ಸಿಗುವ ಒಟ್ಟು ನೆಲ ಇಷ್ಟೇ ಎಂದು ನಿಗದಿಯಾಗಿರುವಾಗ, ಅದನ್ನು ಒಂದೇ ದೊಡ್ಡ ಸಂರಕ್ಷಿತ ಪ್ರದೇಶವಾಗಿ ಇಡಬೇಕೋ, ಹಲವು ಚಿಕ್ಕ ತುಂಡುಗಳಾಗಿ ಹಂಚಬೇಕೋ? ‘ಒಟ್ಟು ನೆಲ ಸಮ’ ಎಂಬ ಷರತ್ತಿಗೆ ಮೊದಲೇ ಅಡಿಗೆರೆ ಎಳೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಪರೀಕ್ಷೆಯ ಉತ್ತರಗಳಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಸುಮಾರು 643 ಚದರ ಕಿ.ಮೀ. ಇರುವ ನಾಗರಹೊಳೆಯನ್ನು ಕೊಡಗಿನ ಒಂದು ದೇವರಕಾಡಿನೊಡನೆ ಹೋಲಿಸಿ ‘ದೊಡ್ಡದೇ ಮೇಲು’ ಎಂದರೆ ಅದು ಈ ಪ್ರಶ್ನೆಗೆ ಉತ್ತರವಲ್ಲ. ಕೊಡಗಿನ 1,214 ದೇವರಕಾಡುಗಳ ದಾಖಲಿತ ವಿಸ್ತೀರ್ಣವನ್ನೆಲ್ಲ ಕೂಡಿದರೂ ಸುಮಾರು 2,550 ಹೆಕ್ಟೇರ್, ಅಂದರೆ ನಾಗರಹೊಳೆಯ ಶೇ. 4ರಷ್ಟು ಮಾತ್ರ.

ವಾದ ಹುಟ್ಟಿದ್ದು ದ್ವೀಪಗಳ ಅಧ್ಯಯನದಿಂದ. 1967ರಲ್ಲಿ ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್, ದ್ವೀಪದಲ್ಲಿರುವ ಪ್ರಭೇದಗಳ ಸಂಖ್ಯೆ ಅದರ ವಿಸ್ತೀರ್ಣ ಮತ್ತು ದೂರವನ್ನು ಅವಲಂಬಿಸಿದೆ ಎನ್ನುವ, ದ್ವೀಪಗಳ ಜೈವಿಕ ಭೂಗೋಳದ ಸಿದ್ಧಾಂತವನ್ನು ಮಂಡಿಸಿದರು. 1975ರಲ್ಲಿ ಜೇರೆಡ್ ಡೈಮಂಡ್ ಅದನ್ನು ಕಾಡುಗಳಿಗೆ ಅನ್ವಯಿಸಿ, ಒಂದು ದೊಡ್ಡ ಪ್ರದೇಶವು ಅಷ್ಟೇ ಒಟ್ಟು ವಿಸ್ತೀರ್ಣದ ಹಲವು ಚಿಕ್ಕವುಗಳಿಗಿಂತ ಮೇಲು ಎಂಬ ನಿಯಮವನ್ನು ಸೂಚಿಸಿದರು. ಮರುವರ್ಷವೇ ಸಿಂಬರ್ಲಾಫ್ ಮತ್ತು ಏಬಲ್, ಅದೇ ಸಿದ್ಧಾಂತದಿಂದ ಇದಕ್ಕೆ ವಿರುದ್ಧವಾದ ತೀರ್ಮಾನವನ್ನೂ ಪಡೆಯಬಹುದೆಂದು ತೋರಿಸಿದರು. ಅವರ ತರ್ಕವನ್ನು ಒಮ್ಮೆ ಕೈಯಿಂದ ಲೆಕ್ಕ ಮಾಡಿ ನೋಡಿದರೆ ಉಳಿದ ವಾದವೆಲ್ಲ ಸುಲಭವಾಗುತ್ತದೆ.

ವಿಸ್ತೀರ್ಣಕ್ಕೂ ಪ್ರಭೇದಗಳ ಸಂಖ್ಯೆಗೂ ಇರುವ ಸಂಬಂಧದ ಸೂತ್ರ ಇದು:

S = cA^z

ಇಲ್ಲಿ S ಪ್ರಭೇದಗಳ ಸಂಖ್ಯೆ, A ವಿಸ್ತೀರ್ಣ. c ಮತ್ತು z ದತ್ತಾಂಶದಿಂದ ಪಡೆಯುವ ಸ್ಥಿರಾಂಕಗಳು. z ಬೆಲೆಯನ್ನು 0.25 ಎಂದು ಇಟ್ಟುಕೊಂಡು, ಒಂದು ದೊಡ್ಡ ಕಾಡಿನಲ್ಲಿ 100 ಪ್ರಭೇದಗಳಿವೆ ಎಂದು ಭಾವಿಸೋಣ. ಅದರ ಅರ್ಧ ವಿಸ್ತೀರ್ಣದ ಕಾಡಿನಲ್ಲಿ 50 ಅಲ್ಲ, ಸುಮಾರು 84 ಪ್ರಭೇದಗಳಿರುತ್ತವೆ. ಅಂತಹ ಎರಡು ಕಾಡುಗಳ ಪಟ್ಟಿಗಳನ್ನು ಕೂಡಿದರೆ 168. ಅದರಿಂದ ಎರಡರಲ್ಲೂ ಇರುವ ಪ್ರಭೇದಗಳನ್ನು ಒಂದು ಸಲ ಕಳೆಯಬೇಕು. ಹೀಗೆ ಎರಡಕ್ಕೂ ಸಮಾನವಾದ ಪ್ರಭೇದಗಳು 68 ಇದ್ದರೆ ಮೊತ್ತ ಸರಿಯಾಗಿ 100 ಆಗಿ ಇಬ್ಬದಿಯೂ ಸಮಬಲವಾಗುತ್ತದೆ. ಸಮಾನ ಪ್ರಭೇದಗಳು 68ಕ್ಕಿಂತ ಕಡಿಮೆಯಿದ್ದರೆ ಚಿಕ್ಕವುಗಳಿಗೆ ಗೆಲುವು, ಹೆಚ್ಚಿದ್ದರೆ ದೊಡ್ಡದಕ್ಕೆ. ಗಮನಿಸಬೇಕಾದದ್ದು ಏನೆಂದರೆ, ಈ 68 ಎಂಬ ಅಂಕಿ ಸೂತ್ರದಿಂದ ದೊರೆತ ಗಡಿಯೇ ಹೊರತು ನಿಜವಾದ ಎರಡು ಕಾಡುಗಳಲ್ಲಿ ಎಷ್ಟು ಪ್ರಭೇದಗಳು ಸಮಾನವಾಗಿವೆ ಎಂಬುದನ್ನು ಸೂತ್ರ ಹೇಳುವುದೇ ಇಲ್ಲ; ಅದನ್ನು ಕಾಡಿಗೆ ಹೋಗಿ ಎಣಿಸಿಯೇ ತಿಳಿಯಬೇಕು.

ಎಣಿಸಿದ್ದನ್ನು ನೋಡುವ ಒಂದು ಸುಲಭ ವಿಧಾನವನ್ನು 1988ರಲ್ಲಿ ಕ್ವಿನ್ ಮತ್ತು ಹ್ಯಾರಿಸನ್ ಬಳಸಿದರು. ದ್ವೀಪಗಳನ್ನೋ ಕಾಡಿನ ತುಂಡುಗಳನ್ನೋ ಅತಿ ಚಿಕ್ಕದರಿಂದ ಆರಂಭಿಸಿ ಒಂದೊಂದಾಗಿ ಸೇರಿಸುತ್ತಾ, ಕೂಡಿದ ವಿಸ್ತೀರ್ಣಕ್ಕೆ ಎದುರಾಗಿ ಕೂಡಿದ ಪ್ರಭೇದಗಳ ಸಂಖ್ಯೆಯನ್ನು ಗುರುತಿಸಿ ಒಂದು ವಕ್ರರೇಖೆ ಎಳೆಯಬೇಕು. ಅನಂತರ ಅತಿ ದೊಡ್ಡದರಿಂದ ಆರಂಭಿಸಿ ಇನ್ನೊಂದು ರೇಖೆಯನ್ನು ಎಳೆಯಬೇಕು. ಒಂದೇ ವಿಸ್ತೀರ್ಣದಲ್ಲಿ ಯಾವ ರೇಖೆ ಮೇಲಿದೆಯೋ ಆ ಏರ್ಪಾಡಿನಲ್ಲಿ ಹೆಚ್ಚು ಪ್ರಭೇದಗಳಿವೆ ಎಂದರ್ಥ. ಅವರು ಪರಿಶೀಲಿಸಿದ ದತ್ತಾಂಶಗಳಲ್ಲಿ ಚಿಕ್ಕದರಿಂದ ಹೊರಟ ರೇಖೆಯೇ ಸಾಮಾನ್ಯವಾಗಿ ಮೇಲಿತ್ತು. 2020ರಲ್ಲಿ ಲೆನೋರ್ ಫಾರಿಗ್ ಇಂತಹ ಹೋಲಿಕೆಗಳನ್ನು ಮತ್ತೆ ಪರಿಶೀಲಿಸಿದಾಗಲೂ ಇದೇ ಒಲವು ಕಂಡಿತು. ಹರಡಿಕೊಂಡ ಚಿಕ್ಕ ತುಂಡುಗಳು ಬೇರೆ ಬೇರೆ ಮಣ್ಣು, ಎತ್ತರ, ತೇವಗಳನ್ನು ಒಳಗೊಳ್ಳುವುದು ಇದಕ್ಕೆ ಒಂದು ಕಾರಣ.

ಆದರೆ ಅದೇ 2020ರಲ್ಲಿ ಚೇಸ್ ಮತ್ತು ಸಂಗಡಿಗರು 123 ಅಧ್ಯಯನಗಳ ದತ್ತಾಂಶವನ್ನು ಒಟ್ಟುಗೂಡಿಸಿ, ಒಂದೇ ಪ್ರಮಾಣದ ಮಾದರಿಯನ್ನು ತೆಗೆದರೆ ಚಿಕ್ಕ ತುಂಡುಗಳಲ್ಲಿ ಕಡಿಮೆ ಪ್ರಭೇದಗಳು ಸಿಗುತ್ತವೆ ಎಂದು ತೋರಿಸಿದರು. ಮೊದಲ ಓದಿಗೆ ಇವೆರಡೂ ಒಂದನ್ನೊಂದು ಅಲ್ಲಗಳೆಯುವಂತೆ ಕಾಣುತ್ತವೆ. ವಾಸ್ತವದಲ್ಲಿ ಇವು ಎರಡು ಬೇರೆ ಅಳತೆಗಳು: ಒಂದು ತುಂಡಿನೊಳಗಿನ ಒಂದು ಚೌಕದಲ್ಲಿ ಎಷ್ಟಿವೆ ಎಂಬುದು ಒಂದು, ಎಲ್ಲ ತುಂಡುಗಳನ್ನು ಕೂಡಿದಾಗ ಎಷ್ಟಾಗುತ್ತವೆ ಎಂಬುದು ಇನ್ನೊಂದು. ಪ್ರತಿ ತುಂಡೂ ಬಡವಾಗಿದ್ದು, ಪ್ರತಿಯೊಂದರ ಪಟ್ಟಿಯೂ ಬೇರೆಯಾಗಿದ್ದರೆ, ಎರಡು ಫಲಿತಾಂಶಗಳೂ ಒಟ್ಟಿಗೆ ನಿಜವಾಗಬಹುದು.

ಇನ್ನು ಕಾಲದ ಮಾತು. ನನ್ನ ಅಭಿಪ್ರಾಯದಲ್ಲಿ ವಾದದ ನಿಜವಾದ ತೂಕ ಇರುವುದು ಇಲ್ಲಿ. 1987ರಲ್ಲಿ ವಿಲಿಯಂ ನ್ಯೂಮಾರ್ಕ್ ಉತ್ತರ ಅಮೆರಿಕದ ಪಶ್ಚಿಮ ಭಾಗದ ರಾಷ್ಟ್ರೀಯ ಉದ್ಯಾನಗಳಲ್ಲಿ, ಅವು ಸ್ಥಾಪನೆಯಾದ ಬಳಿಕ ಕಣ್ಮರೆಯಾದ ಸಸ್ತನಿಗಳನ್ನು ಎಣಿಸಿದರು. ಉದ್ಯಾನ ಚಿಕ್ಕದಾದಷ್ಟೂ ನಷ್ಟ ಹೆಚ್ಚಾಗಿತ್ತು. ಸುಮಾರು 20,000 ಚದರ ಕಿ.ಮೀ. ಹರಡಿರುವ ಕೆನಡಾದ ಕೂಟನಿ, ಬ್ಯಾನ್ಫ್, ಜ್ಯಾಸ್ಪರ್, ಯೋಹೊ ಉದ್ಯಾನಗಳ ಸಮೂಹದಲ್ಲಿ ಮಾತ್ರ ನಷ್ಟ ಕಾಣಲಿಲ್ಲ. ಇದನ್ನು ಹಲವರು ‘ದೊಡ್ಡದೇ ಸರಿ’ ಎಂಬುದಕ್ಕೆ ಪುರಾವೆಯಾಗಿ ಬರೆಯುತ್ತಾರೆ. ಒಟ್ಟು ನೆಲ ಸಮವಿಲ್ಲವಾದ್ದರಿಂದ ಇದು ನೇರ ಪುರಾವೆಯಲ್ಲ. ಹಲವು ಚಿಕ್ಕ ಉದ್ಯಾನಗಳು ಬೇರೆ ಬೇರೆ ಪ್ರಾಣಿಗಳನ್ನು ಕಳೆದುಕೊಂಡಿದ್ದರೆ ಅವೆಲ್ಲವುಗಳ ಕೂಡಿದ ಪಟ್ಟಿ ಕುಗ್ಗದೆಯೂ ಇರಬಹುದು.

ಹಾಗಾಗಿ ಕೇಳಬೇಕಾದದ್ದು, ತುಂಡುಗಳು ಕಳೆದುಕೊಳ್ಳುವುದು ಒಂದೇ ಬಗೆಯ ಪ್ರಭೇದಗಳನ್ನೋ ಎಂದು. ಮೇಲಿನ ಲೆಕ್ಕಕ್ಕೇ ಹಿಂತಿರುಗೋಣ. 84 ಪ್ರಭೇದಗಳ ಎರಡು ಕಾಡುಗಳಲ್ಲಿ ಆರಂಭಕ್ಕೆ 60 ಸಮಾನವಾಗಿದ್ದರೆ ಒಟ್ಟು 108 ಆಗಿ ಚಿಕ್ಕವು ಗೆದ್ದಿರುತ್ತವೆ. ವಿಶಾಲ ಸಂಚಾರಕ್ಷೇತ್ರ ಬೇಕಾದ ಪ್ರಾಣಿಗಳು, ಕಾಡಿನ ಒಳಭಾಗವನ್ನು ಬಿಟ್ಟು ಬಾರದ ಹಕ್ಕಿಗಳು ಎಂಬಂತೆ, ಎರಡೂ ಕಡೆ ಇದ್ದ ಅದೇ 12 ಪ್ರಭೇದಗಳು ಎರಡರಿಂದಲೂ ಹೋದರೆ ಒಟ್ಟು 96ಕ್ಕೆ ಇಳಿದು, ಆ 12ನ್ನೂ ಉಳಿಸಿಕೊಂಡ ದೊಡ್ಡ ಕಾಡಿಗಿಂತ ಕೆಳಗಾಗುತ್ತದೆ. ಅದೇ 12ರಲ್ಲಿ ಆರು ಒಂದರಿಂದ, ಉಳಿದ ಆರು ಇನ್ನೊಂದರಿಂದ ಹೋಗಿದ್ದರೆ ಒಟ್ಟು 108 ಹಾಗೆಯೇ ಉಳಿಯುತ್ತಿತ್ತು. ಬೆಂಕಿ, ರೋಗಗಳಂತಹ ಆಕಸ್ಮಿಕಗಳು ಒಂದು ತುಂಡಿಗೆ ತಗುಲಿ ಇನ್ನೊಂದನ್ನು ಬಿಡುವುದರಿಂದ ಹಂಚಿಕೆಯೇ ರಕ್ಷಣೆಯಾಗುತ್ತದೆ. ಜಾಗದ ಕೊರತೆ ಮತ್ತು ಅಂಚಿನ ಪರಿಣಾಮ ಮಾತ್ರ ಎಲ್ಲ ತುಂಡುಗಳಲ್ಲೂ ಒಂದೇ ಬಗೆಯ ಪ್ರಭೇದಗಳನ್ನು ಹುಡುಕಿ ತೆಗೆಯುತ್ತವೆ. ಅಂಚಿನ ಲೆಕ್ಕ ಬಹಳ ಕಠಿಣ: ಬಿಸಿಲು, ಗಾಳಿ 100 ಮೀಟರ್ ಒಳನುಗ್ಗುತ್ತವೆ ಎಂದುಕೊಂಡರೆ, 100 ಹೆಕ್ಟೇರಿನ ಒಂದು ಚೌಕ ಕಾಡಿನಲ್ಲಿ 64 ಹೆಕ್ಟೇರ್ ಒಳಗಾಡು ಉಳಿಯುತ್ತದೆ, 25 ಹೆಕ್ಟೇರಿನ ನಾಲ್ಕು ಚೌಕಗಳಲ್ಲಿ ಒಟ್ಟು 36, ಒಂದೊಂದು ಹೆಕ್ಟೇರಿನ ನೂರು ಚೌಕಗಳಲ್ಲಿ ಏನೂ ಇಲ್ಲ.

ಕೊಡಗಿನ ದೇವರಕಾಡುಗಳ ಸರಾಸರಿ ವಿಸ್ತೀರ್ಣ ಎರಡು ಹೆಕ್ಟೇರಿಗಿಂತ ತುಸು ಹೆಚ್ಚು. ಹುಲಿ ಅಲ್ಲಿ ನೆಲೆ ನಿಲ್ಲದು. ಆದರೆ ಮರಗಳ, ಅಣಬೆಗಳ ವಿಷಯ ಬೇರೆ. ಊರೂರಿಗೆ ಹರಡಿಕೊಂಡ ಈ ಕಾಡುಗಳು ಮಳೆ ಮತ್ತು ಎತ್ತರದ ಹಲವು ಹಂತಗಳನ್ನು ಹಿಡಿದಿಟ್ಟುಕೊಂಡಿವೆ, ಮೇಲಾಗಿ ಅವುಗಳ ಸುತ್ತ ನೆರಳುಮರಗಳಿರುವ ಕಾಫಿ ತೋಟಗಳಿರುವುದರಿಂದ ಅವು ಸಮುದ್ರದ ನಡುವಿನ ದ್ವೀಪಗಳಂತೆಯೂ ಅಲ್ಲ. ಇಂತಹ ಕಡೆ ಎರಡು ರೇಖೆಗಳನ್ನು ಎಳೆಯುವವರು ಎಚ್ಚರ ವಹಿಸಬೇಕಾದ ಒಂದು ವಿಷಯವಿದೆ. ಮರಗಳು ದೀರ್ಘಾಯುಷಿಗಳು, ಹಿಂದೆ ಕಾಡು ವಿಶಾಲವಾಗಿದ್ದಾಗ ಮೊಳೆತ ಮರ ಇಂದಿಗೂ ನಿಂತಿದ್ದು, ಅದರ ಕೆಳಗೆ ಒಂದು ಸಸಿಯೂ ಇಲ್ಲದಿರಬಹುದು, ಆದರೂ ಪಟ್ಟಿಯಲ್ಲಿ ಅದು ‘ಇರುವ’ ಪ್ರಭೇದವೇ. ಆದ್ದರಿಂದ ಬೆಳೆದ ಮರಗಳ ಪಟ್ಟಿಯಿಂದ ರೇಖೆಗಳನ್ನು ಎಳೆದ ಮೇಲೆ, ಸಸಿಗಳ ಪಟ್ಟಿಯಿಂದ ಮತ್ತೊಮ್ಮೆ ಎಳೆಯಬೇಕು. ಮರಗಳಲ್ಲಿ ಮೇಲಿದ್ದ ಚಿಕ್ಕ ಕಾಡುಗಳ ರೇಖೆ ಸಸಿಗಳಲ್ಲಿ ಕೆಳಗೆ ಬಿದ್ದರೆ, ಮೊದಲು ಕಂಡ ಗೆಲುವು ಹಳೆಯ ಮರಗಳು ಬದುಕಿರುವವರೆಗಿನದು ಮಾತ್ರ.