ಇಪ್ಪತ್ತು ವರ್ಷ ಕಳೆದರೂ ನೆನಪು ಬರುತ್ತದೆ, ಹಾಗಾದರೆ ನನ್ನ ಆಯ್ಕೆ ತಪ್ಪಾಗಿತ್ತೇ?

ಪ್ರಶ್ನೆ: ಮೇಡಂ, ನನಗೆ ಮದುವೆಯಾಗಿ ಇಪ್ಪತ್ತಮೂರು ವರ್ಷವಾಯಿತು. ಮನೆಯಲ್ಲಿ ಹೇಳಿಕೊಳ್ಳುವಂಥ ಕೊರತೆಯಿಲ್ಲ. ಆದರೂ ಡಿಗ್ರಿ ಓದುವಾಗ ನನ್ನನ್ನು ಇಷ್ಟಪಟ್ಟು ಕೇಳಿದ್ದವರೊಬ್ಬರ ನೆನಪು ಈಗಲೂ ಬರುತ್ತದೆ. ಅಂದು ಒಪ್ಪಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸುತ್ತ ಕುಳಿತುಬಿಡುತ್ತೇನೆ. ಇಷ್ಟು ವರ್ಷವಾದರೂ ಮರೆಯಲಾಗಿಲ್ಲ ಎಂದರೆ ಅದೇ ನಿಜವಾದದ್ದು ಎಂದು ಅರ್ಥವಲ್ಲವೇ?

ಉತ್ತರ: ಅಲ್ಲ. ಈ ಪ್ರಶ್ನೆ ಸೋಮವಾರಪೇಟೆಯಿಂದಲೂ ಬರುತ್ತದೆ, ವಿರಾಜಪೇಟೆಯಿಂದಲೂ ಬರುತ್ತದೆ, ಗಂಡಸರಿಂದಲೂ ಬರುತ್ತದೆ. ಕೆಲವರಿಗೆ ಅದು ಬಿಟ್ಟ ವ್ಯಕ್ತಿ, ಕೆಲವರಿಗೆ ಬಿಟ್ಟ ಕೆಲಸ, ಇನ್ನು ಕೆಲವರಿಗೆ ಮಾರಿದ ತೋಟ. ಪತ್ರದ ಕೊನೆಯ ವಾಕ್ಯ ಮಾತ್ರ ಎಲ್ಲರದೂ ಒಂದೇ: ‘ಮರೆತಿಲ್ಲವಾದ್ದರಿಂದ ಅದೇ ಸರಿಯಾದದ್ದಾಗಿತ್ತು.’ ಈ ತೀರ್ಮಾನ ಎಷ್ಟು ಗಟ್ಟಿಯಾಗಿ ಬೇರು ಬಿಟ್ಟಿದೆಯೆಂದರೆ, ನಾನು ತರಗತಿಯಲ್ಲಿ ಎಷ್ಟು ವರ್ಷ ಕಿತ್ತರೂ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಆದ್ದರಿಂದ ಇಂದು ಇದೊಂದನ್ನೇ ಬುಡಸಮೇತ ನೋಡೋಣ.

ಮೊದಲನೆಯದಾಗಿ, ನಲವತ್ತು ದಾಟಿದವರನ್ನು ಕೂರಿಸಿ ಬದುಕಿನ ನೆನಪುಗಳನ್ನು ಹೇಳಲು ಕೇಳಿದರೆ, ಹೆಚ್ಚಿನವು ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನವೇ ಆಗಿರುತ್ತವೆ. ಇದು ಮನಶ್ಶಾಸ್ತ್ರದಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ಆ ವಯಸ್ಸಿನಲ್ಲಿ ಕೇಳಿದ ಹಾಡು, ಹತ್ತಿದ ಬಸ್ಸು, ಜಗಳವಾಡಿದ ಗೆಳತಿ ಎಲ್ಲವೂ ಹಾಗೆಯೇ ಉಳಿದಿರುತ್ತವೆ. ಆ ವ್ಯಕ್ತಿಯೂ ಅವುಗಳ ಜೊತೆಯಲ್ಲಿಯೇ ಉಳಿದಿದ್ದಾರೆ. ಹಾಸ್ಟೆಲಿನ ಸಾರಿನ ರುಚಿ ಇಂದಿಗೂ ನೆನಪಿದೆ ಎಂದು ಅದನ್ನೇ ನಿಜವಾದ ಸಾರು ಎಂದು ಯಾರೂ ಹೇಳುವುದಿಲ್ಲ.

ಎರಡನೆಯದು, ಮರೆಯಬೇಕೆಂಬ ಪ್ರಯತ್ನವೇ ನೆನಪನ್ನು ಕರೆತರುತ್ತದೆ. 1987ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬಾರದೆಂದೂ, ಯೋಚನೆ ಬಂದಾಗಲೆಲ್ಲ ಗಂಟೆ ಬಾರಿಸಬೇಕೆಂದೂ ಹೇಳಿದರು. ಗಂಟೆ ಬಾರಿಸುತ್ತಲೇ ಇತ್ತು. ಅನಂತರ ಯೋಚಿಸಬಹುದು ಎಂದಾಗ, ಮೊದಲಿನಿಂದಲೇ ಯೋಚಿಸಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ಸಲ ಬಂದಿತು. ಆ ಕರಡಿಯ ಮೇಲೆ ಅವರಿಗೆ ಯಾವ ಪ್ರೀತಿಯೂ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಮೂರನೆಯದೇ ಮುಖ್ಯವಾದದ್ದು. ಮನಶ್ಶಾಸ್ತ್ರಜ್ಞರಾದ ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1994ರಲ್ಲಿ ತೋರಿಸಿದಂತೆ, ಹತ್ತಿರದ ದಿನಗಳಲ್ಲಿ ಜನರನ್ನು ಕಾಡುವುದು ಹೆಚ್ಚಾಗಿ ಮಾಡಿದ ಕೆಲಸ. ಬದುಕನ್ನು ಹಿಂತಿರುಗಿ ನೋಡುವಾಗ ಕಾಡುವುದು ಮಾಡದೆ ಬಿಟ್ಟದ್ದು. ಮಾಡಿದ ತಪ್ಪಿಗೆ ಕೊನೆಯಿರುತ್ತದೆ. ನಾವು ಅದನ್ನು ಸರಿಪಡಿಸುತ್ತೇವೆ, ಸಮಾಧಾನವನ್ನೂ ಕಂಡುಕೊಳ್ಳುತ್ತೇವೆ. ಮಾಡದೆ ಬಿಟ್ಟದ್ದಕ್ಕೆ ಅಂಥ ಕೊನೆಯಿಲ್ಲ, ಅದನ್ನು ಎಷ್ಟು ಬೇಕಾದರೂ ಬೆಳೆಸಬಹುದು. ಇದಕ್ಕಿಂತಲೂ ಸೂಕ್ಷ್ಮವಾದ ಕಾರಣವೆಂದರೆ, ಅಂದು ನಮ್ಮನ್ನು ತಡೆದ ಭಯವು ಕಾಲ ಕಳೆದಂತೆ ಕರಗಿಹೋಗುತ್ತದೆ, ಆಸೆ ಮಾತ್ರ ಉಳಿಯುತ್ತದೆ. ಅಪ್ಪನ ಕಾಯಿಲೆ, ತಂಗಿಯ ಮದುವೆ, ಕೈಯಲ್ಲಿ ಕಾಸಿಲ್ಲದ್ದು ಇವೆಲ್ಲ ಅಂದು ಬೆಟ್ಟದಷ್ಟಿದ್ದವು. ಇಂದು ನೋಡಿದರೆ ‘ಅಷ್ಟಕ್ಕೇ ಹಿಂಜರಿದೆನೇ’ ಎನಿಸುತ್ತದೆ. ಅಂದಿನ ನಿರ್ಧಾರ ಸಡಿಲವಾಗಿ ಕಾಣುವುದು ಅದರ ಕಾರಣಗಳು ಮಾಸಿಹೋಗಿರುವುದರಿಂದ.

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಲು ತೋಟಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಕಾಫಿ ದರ ನೆಲಕಚ್ಚಿದ್ದ 2001-02ರ ಸುಮಾರಿಗೆ ತೋಟ ಮಾರಿದವರು, 2024ರಲ್ಲಿ ರೊಬಸ್ಟಾ ದರ ದಾಖಲೆ ಮುಟ್ಟಿದಾಗ ‘ಅಂದು ಮಾರದೆ ಇದ್ದಿದ್ದರೆ’ ಎಂದು ಲೆಕ್ಕ ಹಾಕಿದರು. ಇಂದಿನ ದರವನ್ನು ಮೂಟೆಯಿಂದ ಗುಣಿಸಿದರು, ಆದರೆ ನಡುವಿನ ವರ್ಷಗಳ ಸಾಲದ ಬಡ್ಡಿ, ಕಾಯಿಕೊರಕ ಹುಳು, ಆಳುಗಳ ಕೊರತೆ, 2018ರ ಆಗಸ್ಟಿನ ಭೂಕುಸಿತ ಯಾವುದನ್ನೂ ಕಳೆಯಲಿಲ್ಲ. ‘ಹಾಗಾಗಿದ್ದರೆ’ ಎಂಬ ಯೋಚನೆಯ ಸ್ವಭಾವವೇ ಇದು: ಒಂದನ್ನು ಮಾತ್ರ ಬದಲಿಸಿ ಮಿಕ್ಕೆಲ್ಲವನ್ನೂ ಅನುಕೂಲಕರವಾಗಿ ಇದ್ದ ಹಾಗೇ ಬಿಡುತ್ತದೆ. ನಿಮ್ಮ ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಜ್ವರ, ಅತ್ತೆಮನೆಯ ಮಾತು, ಸೋರುವ ಮಾಡು ಎಲ್ಲವೂ ಸೇರಿವೆ. ಆ ಇನ್ನೊಂದು ಬದುಕಿನಲ್ಲಿ ಒಮ್ಮೆಯೂ ಮಾಡು ಸೋರಿಲ್ಲ.

ಇನ್ನು ಒಂದು ಪ್ರಸಂಗ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನಿಮ್ಮ ವಯಸ್ಸಿನವರೇ ಆದ ಒಬ್ಬರು ಇದೇ ಪ್ರಶ್ನೆಯೊಂದಿಗೆ ಬಂದರು. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ, ಯೋಚನೆ ಬಂದಾಗಲೆಲ್ಲ ಹೊತ್ತು ಎಷ್ಟು, ಅದಕ್ಕೆ ಅರ್ಧ ಗಂಟೆ ಮೊದಲು ಏನು ಮಾಡುತ್ತಿದ್ದಿರಿ, ಮನಸ್ಸಿನಲ್ಲಿ ಕಂಡ ದೃಶ್ಯ ಯಾವುದು ಎಂದು ಬರೆಯಲು ಹೇಳಿದೆ. ಅದು ಜುಲೈ ತಿಂಗಳು. ಹನ್ನೊಂದು ಸಲ ಬರೆದುಕೊಂಡು ಬಂದಿದ್ದರು, ಅದರಲ್ಲಿ ಎಂಟು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವಿನವು: ಹೊರಗೆ ಬಿಡದ ಮಳೆ, ಕರೆಂಟಿಲ್ಲ, ಮಕ್ಕಳು ಮಂಗಳೂರಿನ ಹಾಸ್ಟೆಲಿನಲ್ಲಿ, ಮನೆಯಲ್ಲಿ ಒಬ್ಬರೇ. ಗಂಡನೊಡನೆ ಮುನಿಸಿಕೊಂಡ ಎರಡು ದಿನಗಳಲ್ಲಿ ಒಂದು ಸಲವೂ ಬಂದಿರಲಿಲ್ಲ. ಹೆಚ್ಚು ಅಚ್ಚರಿ ತಂದದ್ದು ದೃಶ್ಯಗಳು. ಹೆಚ್ಚಿನವುಗಳಲ್ಲಿ ಅವರು ಆ ವ್ಯಕ್ತಿಯ ಜೊತೆಯಲ್ಲಿರಲಿಲ್ಲ. ಬೆಳಿಗ್ಗೆ ಸೀರೆಯುಟ್ಟು, ಹಾಜರಿ ಪುಸ್ತಕ ಹಿಡಿದು, ಶಾಲೆಯೊಂದರ ಮೆಟ್ಟಿಲು ಹತ್ತುತ್ತಿದ್ದರು. ಮದುವೆ ಗೊತ್ತಾದಾಗ ಅವರು ಸಿಕ್ಕಿದ್ದ ಬಿ.ಇಡಿ. ಸೀಟನ್ನು ಬಿಟ್ಟಿದ್ದರು. ‘ಅವರೆಲ್ಲಿದ್ದಾರೆ ಇದರಲ್ಲಿ?’ ಎಂದು ಕೇಳಿದೆ. ‘ಎಲ್ಲೋ ಹಿಂದೆ ಇರಬೇಕು ಮೇಡಂ’ ಎಂದು ನಕ್ಕರು.

ನೀವೂ ಹಾಗೆಯೇ ಬರೆದು ನೋಡಿ. ಅದರೊಂದಿಗೆ, ಆ ಬದುಕಿನ ಒಂದು ಸಾಮಾನ್ಯ ಮಂಗಳವಾರವನ್ನು ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಬರೆಯಿರಿ: ಬಾಡಿಗೆ ಎಷ್ಟು, ಅಡುಗೆ ಯಾರದು, ಅವರ ತಾಯಿ ಯಾರ ಮನೆಯಲ್ಲಿ. ಹೆಚ್ಚಿನವರ ಪೆನ್ನು ಹನ್ನೊಂದು ಗಂಟೆಗೇ ನಿಲ್ಲುತ್ತದೆ, ಏಕೆಂದರೆ ಅಲ್ಲಿಂದಾಚೆ ಅವರಿಗೆ ಆ ವ್ಯಕ್ತಿಯ ಬಗ್ಗೆ ಏನೂ ತಿಳಿದಿರುವುದಿಲ್ಲ.

ಇದಕ್ಕೆ ಮಿತಿಯಿದೆ. ಈಗಿನ ಮನೆಯಲ್ಲಿ ಹೊಡೆತ ಅಥವಾ ಅವಮಾನವಿದ್ದರೆ, ನೋಡಬೇಕಾದದ್ದು ಇಂದಿನ ಮನೆಯನ್ನೇ ಹೊರತು ಅಂದಿನ ಆಯ್ಕೆಯನ್ನಲ್ಲ. ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದ್ದರೆ ನೋಟ್‌ಬುಕ್ಕು ಸಾಲದು. ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಆಗಾಗ ಎಡತಾಕುತ್ತದೆ. ಈ ಪತ್ರಗಳಲ್ಲಿ ಗಂಡ ಅಥವಾ ಹೆಂಡತಿ ಯಾವಾಗಲೂ ‘ಒಳ್ಳೆಯವರು, ಕೊರತೆಯಿಲ್ಲ’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತಾರೆ. ಅವರಿಗೂ ಹೀಗೊಂದು ಬಿಟ್ಟ ದಾರಿ ಇದ್ದಿರಬಹುದೆಂದು ಯಾರೂ ಊಹಿಸುವುದಿಲ್ಲ. ಮೇಲಿನ ಪ್ರಸಂಗದವರಿಗೆ ಈ ಮಾತು ಹೇಳಿದಾಗ ಮನೆಗೆ ಹೋಗಿ ಕೇಳಿದರಂತೆ. ಸೈನ್ಯದ ಭರ್ತಿಯಲ್ಲಿ ಆಯ್ಕೆಯಾಗಿಯೂ, ತಂದೆ ತೀರಿಕೊಂಡದ್ದರಿಂದ ತೋಟ ನೋಡಿಕೊಳ್ಳಲು ಉಳಿದೆನೆಂದು ಗಂಡ ಹೇಳಿದರಂತೆ. ಆ ಆಯ್ಕೆಯ ಪತ್ರ ಇನ್ನೂ ಕಪಾಟಿನಲ್ಲಿದೆಯಂತೆ, ಇವರ ಬಿ.ಇಡಿ. ಸೀಟಿನ ಪತ್ರವಿರುವ ಅದೇ ಕಪಾಟಿನಲ್ಲಿ, ಒಂದು ಅರೆ ಕೆಳಗೆ.