ಮೊದಲು ಪುಟ, ಆಮೇಲೆ ಟಿಪ್ಪಣಿ, ಕೊನೆಗೆ ಸಹಿ

ಕಂಪನಿಯಿಂದ ವಾಟ್ಸಾಪ್‌ನಲ್ಲಿ ಆಫರ್ ಲೆಟರ್ ಬಂದಿದೆ, ಒಟ್ಟು ಏಳು ಪುಟ. ಪ್ರತಿ ಪುಟದ ಕೆಳಗೂ ಸಹಿ ಹಾಕಿ ಸಂಜೆಯೊಳಗೆ ವಾಪಸ್ ಕಳಿಸಿ ಅಂದಿದ್ದಾರೆ. ತೆರೆದು ನೋಡಿದರೆ, ಸ್ಕ್ಯಾನ್ ಮಾಡಿದವರು ಐದನೇ ಪುಟವನ್ನು ನಾಲ್ಕನೆಯದರ ಮುಂದೆ ಇಟ್ಟಿದ್ದಾರೆ. ಆರನೇ ಪುಟ ಅಡ್ಡ ಮಲಗಿದೆ. ಎರಡನೇ ಪುಟದಲ್ಲಿ ತಂದೆಯ ಹೆಸರು ತಪ್ಪಾಗಿ ಅಚ್ಚಾಗಿದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಸೈಬರ್ ಸೆಂಟರ್ ಇರುವುದು ತಾಲ್ಲೂಕು ಕೇಂದ್ರದಲ್ಲಿ. ಇಷ್ಟನ್ನೂ ಕೈಯಲ್ಲಿರುವ ಫೋನಿನಲ್ಲೇ ಮುಗಿಸಬಹುದು. ಆದರೆ ಯಾವ ಕೆಲಸ ಮೊದಲು, ಯಾವುದು ಕೊನೆಗೆ ಎಂಬುದು ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ. ಹಾಗೇಕೆ ಎಂದು ತಿಳಿಯಲು ಪಿಡಿಎಫ್ ಕಡತದ ಹೊಟ್ಟೆಯೊಳಗೆ ಸ್ವಲ್ಪ ಇಣುಕಬೇಕು.

ಅಡೋಬಿ ಕಂಪನಿ 1993ರಲ್ಲಿ ಪಿಡಿಎಫ್ ಹೊರತಂದದ್ದು ಅಚ್ಚಾದ ಹಾಳೆಯನ್ನು ಇದ್ದಂತೆಯೇ ಸಾಗಿಸುವುದಕ್ಕೆ, ತಿದ್ದುವುದಕ್ಕಲ್ಲ. ಅದರೊಳಗೆ ಪ್ಯಾರಾ, ಸಾಲು ಎಂಬ ಲೆಕ್ಕ ಸಾಮಾನ್ಯವಾಗಿ ಇರುವುದಿಲ್ಲ. ಈ ಅಕ್ಷರ ಎಡದಿಂದ ಇಷ್ಟು ದೂರ, ಕೆಳಗಿನಿಂದ ಇಷ್ಟು ಎತ್ತರ ಎಂಬ ಸೂಚನೆಗಳಷ್ಟೇ ಇರುತ್ತವೆ. ಅಳತೆ ಪಾಯಿಂಟ್‌ಗಳಲ್ಲಿ, 72 ಪಾಯಿಂಟ್ ಸೇರಿದರೆ ಒಂದು ಇಂಚು. ಎ4 ಪುಟವೆಂದರೆ ಸುಮಾರು 595 ಪಾಯಿಂಟ್ ಅಗಲ, 842 ಪಾಯಿಂಟ್ ಎತ್ತರ. ಹಾಗಾಗಿ ಒಂದು ಪದವನ್ನು ಉದ್ದ ಮಾಡಿದರೆ ಪಕ್ಕದ ಪದ ತಾನಾಗಿ ಸರಿಯುವುದಿಲ್ಲ. ನಮ್ಮದು ಸ್ಕ್ಯಾನ್ ಮಾಡಿದ ಕಡತವಾದ್ದರಿಂದ ಅಷ್ಟೂ ಇಲ್ಲ, ಪ್ರತಿ ಪುಟವೂ ಒಂದು ಫೋಟೊ. ತಂದೆಯ ಹೆಸರನ್ನು ಅಳಿಸಿ ಬರೆಯುವ ಆಸೆ ಬಿಟ್ಟು, ಅದರ ಪಕ್ಕದಲ್ಲಿ ತಿದ್ದುಪಡಿ ಗುರುತು ಹಾಕುವುದೇ ಸರಿ. ಕಂಪನಿಯವರಿಗೂ ಬೇಕಾದದ್ದು ಅದೇ: ಅವರ ಪತ್ರವನ್ನು ನಾವು ಗುಟ್ಟಾಗಿ ತಿದ್ದುವುದಲ್ಲ, ತಪ್ಪು ಎಲ್ಲಿದೆ ಎಂದು ತೋರಿಸುವುದು.

ಪುಟಗಳ ಕ್ರಮ ಮಾತ್ರ ಬಹಳ ಸರಳವಾದ ವ್ಯವಸ್ಥೆ. ಕಡತದೊಳಗೆ ಎಲ್ಲೋ ಒಂದು ಕಡೆ ಇಂಥ ಪಟ್ಟಿ ಇರುತ್ತದೆ:

```
/Kids [3 0 R 5 0 R 7 0 R]
```

ಒಂದೊಂದು ಪುಟವೂ ಕಡತದೊಳಗೆ ಸಂಖ್ಯೆ ಹೊತ್ತ ಒಂದು ವಸ್ತು. ಮೊದಲು 3ನೇ ವಸ್ತು, ಆಮೇಲೆ 5, ಆಮೇಲೆ 7 ಎಂದು ಇದರ ಅರ್ಥ. ಪುಟ ಹಿಂದೆ ಮುಂದೆ ಮಾಡುವುದೆಂದರೆ ಈ ಪಟ್ಟಿಯಲ್ಲಿ ಅಂಕಿಗಳ ಜಾಗ ಬದಲಿಸುವುದು. ಫೋಟೊಗಳನ್ನು ಯಾರೂ ಮುಟ್ಟುವುದಿಲ್ಲ, ಅವುಗಳ ಗುಣಮಟ್ಟ ಕೂದಲೆಳೆಯಷ್ಟೂ ಕೆಡುವುದಿಲ್ಲ. ಪುಟ ತಿರುಗಿಸುವುದೂ ಹಾಗೆಯೇ. 90 ಡಿಗ್ರಿ ತಿರುಗಿಸಿ ತೋರಿಸು ಎಂಬ ಒಂದು ಚೀಟಿ ಅಂಟಿಸಿದಂತೆ.

ಕೆಲಸ ಶುರು ಮಾಡುವ ಮೊದಲು ಕಡತವನ್ನು ವಾಟ್ಸಾಪ್‌ನಿಂದ ಹೊರಗೆ ತೆಗೆಯಬೇಕು. ಚಾಟ್‌ನಲ್ಲೇ ಮುಟ್ಟಿ ತೆರೆದು ಗೀಚಿದರೆ, ಅನೇಕ ಆ್ಯಪ್‌ಗಳಿಗೆ ಆ ಮೂಲ ಕಡತಕ್ಕೆ ಬರೆಯುವ ಅನುಮತಿ ಇರುವುದಿಲ್ಲ. ಗೀಚಿದ್ದೆಲ್ಲ ಪರದೆಯ ಮೇಲೆ ಕಾಣುತ್ತದೆ, ಹೊರಬಂದು ಮತ್ತೆ ತೆರೆದರೆ ಮಾಯ. ಆಂಡ್ರಾಯ್ಡ್‌ನಲ್ಲಿ ಡೌನ್‌ಲೋಡ್ಸ್ ಫೋಲ್ಡರಿಗೆ, ಐಫೋನ್‌ನಲ್ಲಿ Save to Files ಮೂಲಕ ಫೈಲ್ಸ್‌ಗೆ ಒಂದು ಪ್ರತಿ ಇಳಿಸಿ, `offer.pdf` ಎಂಬಂಥ ಚಿಕ್ಕ ಹೆಸರು ಕೊಡಿ.

ಈಗ ಪುಟಗಳು. ಐಫೋನ್‌ನಲ್ಲಿ ಇದು ಸಲೀಸು: ಕಡತ ತೆರೆದು ಎಡ ಅಂಚನ್ನು ಒತ್ತಿ ಹಿಡಿದು ಬಲಕ್ಕೆ ಎಳೆದರೆ ಪುಟಗಳ ಪುಟ್ಟ ಚಿತ್ರಗಳ ಸಾಲು ಕಾಣುತ್ತದೆ. ಒಂದನ್ನು ಒತ್ತಿ ಹಿಡಿದು ಮೇಲೆ ಕೆಳಗೆ ಎಳೆದು ಬಿಟ್ಟರೆ ಜಾಗ ಬದಲಾಗುತ್ತದೆ. ಎಳೆಯದೆ ಒತ್ತಿ ಹಿಡಿದರೆ ತಿರುಗಿಸುವ, ಅಳಿಸುವ ಆಯ್ಕೆಗಳು ಬರುತ್ತವೆ. ಆಂಡ್ರಾಯ್ಡ್‌ನಲ್ಲಿ ದಾರಿ ಸ್ವಲ್ಪ ಸುತ್ತು. ಅಕ್ರೊಬ್ಯಾಟ್ ರೀಡರ್ ಆ್ಯಪ್‌ನಲ್ಲಿ ಟಿಪ್ಪಣಿ, ಸಹಿ ಉಚಿತ. ಪುಟ ಜೋಡಿಸುವುದಕ್ಕೆ ಹಣ ಕಟ್ಟಬೇಕು. ಉಚಿತವಾಗಿ ಮಾಡಿಕೊಡುವ ಜಾಲತಾಣಗಳಿವೆ, ಆದರೆ ಅವುಗಳಲ್ಲಿ ಹೆಚ್ಚಿನವು ನಿಮ್ಮ ಕಡತವನ್ನು ತಮ್ಮ ಸರ್ವರಿಗೆ ಏರಿಸಿಕೊಂಡು ಕೆಲಸ ಮಾಡುತ್ತವೆ. ಮದುವೆ ಕರೆಯೋಲೆಯಾದರೆ ಚಿಂತೆಯಿಲ್ಲ. ಸಂಬಳದ ವಿವರ, ಪ್ಯಾನ್ ಸಂಖ್ಯೆ ಇರುವ ಪತ್ರವನ್ನು ಅಲ್ಲಿಗೆ ಏರಿಸುವುದು ನನಗಂತೂ ಒಪ್ಪಿಗೆಯಿಲ್ಲ.

ನಾಲ್ಕು ಸಾಲು ಟೈಪ್ ಮಾಡಲು ಹೆದರದವರಿಗೆ ಇನ್ನೊಂದು ದಾರಿಯಿದೆ. ಆಜ್ಞೆಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಟರ್ಮಕ್ಸ್ ಎಂಬ ಉಚಿತ ಆ್ಯಪ್ ಎಫ್-ಡ್ರಾಯ್ಡ್ ಎಂಬ ಆ್ಯಪ್ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ `qpdf` ಎಂಬ ಸಲಕರಣೆ ಹಾಕಿಕೊಂಡರೆ ಕಡತ ಫೋನ್ ಬಿಟ್ಟು ಹೊರಗೆ ಹೋಗುವುದೇ ಇಲ್ಲ:

```
pkg install qpdf
termux-setup-storage
cd ~/storage/downloads
qpdf offer.pdf --pages . 1-3,5,4,6-z -- --rotate=+90:6 offer2.pdf
```

ಎರಡನೇ ಸಾಲಿಗೆ ಫೋನ್ ಅನುಮತಿ ಕೇಳುತ್ತದೆ, ಕೊಡಬೇಕು. ಕೊನೆಯ ಸಾಲೇ ನಿಜವಾದ ಕೆಲಸ. `1-3,5,4,6-z` ಅಂದರೆ ಮೊದಲ ಮೂರು ಇದ್ದಂತೆ, ಆಮೇಲೆ ಐದನೇ ಜಾಗದ್ದು, ಆಮೇಲೆ ನಾಲ್ಕನೇ ಜಾಗದ್ದು, ನಂತರ ಆರರಿಂದ ಕೊನೆಯವರೆಗೆ. ಇಲ್ಲಿ ಬರೆಯುವುದು ಕಡತದಲ್ಲಿ ಪುಟ ಕುಳಿತಿರುವ ಜಾಗದ ಸಂಖ್ಯೆ, ಕಾಗದದ ಮೇಲೆ ಅಚ್ಚಾಗಿರುವ ಪುಟಸಂಖ್ಯೆಯಲ್ಲ; ಮುಂದೆ ರಕ್ಷಾಪುಟವೊಂದಿದ್ದರೆ ಎರಡಕ್ಕೂ ತಾಳೆಯಾಗದೆ ಜನ ಎಡವುವುದು ಇಲ್ಲೇ. `+90` ಅಂದರೆ ಗಡಿಯಾರದ ದಿಕ್ಕಿಗೆ. ಅಕ್ಷರಗಳ ತಲೆ ಎಡಕ್ಕಿದ್ದರೆ ಇದು ಸರಿ, ಬಲಕ್ಕಿದ್ದರೆ `-90` ಬೇಕು. ಮೂಲ `offer.pdf` ಹಾಗೇ ಉಳಿಯುತ್ತದೆ, ತಪ್ಪಾದರೆ ಮತ್ತೊಮ್ಮೆ ಮಾಡಿದರಾಯಿತು.

ಇದನ್ನು ಮೊದಲೇ ಮಾಡಿ ಎನ್ನುವುದಕ್ಕೆ ಕಾರಣವಿದೆ. ಟಿಪ್ಪಣಿಗಳು ಪುಟದ ಫೋಟೊದೊಳಗೆ ಸೇರುವುದಿಲ್ಲ. ಪುಟದ ಮೇಲೆ ಹೊದಿಸಿದ ಗಾಜಿನ ಹಾಳೆಯ ಮೇಲೆ ಬರೆದಂತೆ ಬೇರೆಯೇ ವಸ್ತುಗಳಾಗಿ ಕೂರುತ್ತವೆ. ಟಿಪ್ಪಣಿ ಹಾಕಿದ ಮೇಲೆ ಪುಟ ಕಿತ್ತು ಜೋಡಿಸಿದರೆ ಕೆಲವು ಆ್ಯಪ್‌ಗಳು ಫೋಟೊವನ್ನು ಮಾತ್ರ ಒಯ್ದು ಗಾಜನ್ನು ಬಿಟ್ಟುಬಿಡುತ್ತವೆ.

ತಂದೆಯ ಹೆಸರಿಗೆ ಗುರುತು ಹಾಕೋಣ. ಹೈಲೈಟರ್ ಹಿಡಿದು ಪದದ ಮೇಲೆ ಎಳೆದರೂ ಏನೂ ಆಗದಿದ್ದರೆ ಆ್ಯಪ್ ಕೆಟ್ಟಿದೆ ಎಂದುಕೊಳ್ಳಬೇಡಿ. ಆ ಬಗೆಯ ಹೈಲೈಟರ್ ಅಕ್ಷರಗಳನ್ನು ಹುಡುಕುತ್ತದೆ, ಫೋಟೊದಲ್ಲಿ ಅಕ್ಷರವೇ ಇಲ್ಲ. ಬೆರಳಿನಿಂದ ಗೀಚುವ ಪೆನ್ ತೆಗೆದುಕೊಂಡು ಸುತ್ತು ಹಾಕಿ. ವಿವರಣೆ ಬರೆಯಲು ಹಳದಿ ಚೀಟಿಯ ಟಿಪ್ಪಣಿ ಬಳಸಬೇಡಿ. ಅದನ್ನು ಮುಟ್ಟಿದಾಗ ಮಾತ್ರ ಮಾತು ಕಾಣುತ್ತದೆ, ಅಚ್ಚು ತೆಗೆದರೆ ಬರೇ ಚೀಟಿಯ ಗುರುತು ಬರಬಹುದು, ಅದೂ ಬಾರದಿರಬಹುದು. ಪುಟದ ಮೇಲೆಯೇ ಕಾಣುವ ಪಠ್ಯದ ಪೆಟ್ಟಿಗೆ ಒಳ್ಳೆಯದು.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ತೊಡಕಿದೆ. ಪಠ್ಯಪೆಟ್ಟಿಗೆಗೆ ಹಲವು ಆ್ಯಪ್‌ಗಳು ಹೆಲ್ವೆಟಿಕಾದಂಥ ಫಾಂಟ್ ಬಳಸುತ್ತವೆ, ಅದರಲ್ಲಿ ಕನ್ನಡ ಅಕ್ಷರಗಳಿಲ್ಲ. ಆಗ ಖಾಲಿ ಚೌಕಗಳು ಬರುತ್ತವೆ. ಇನ್ನು ಕೆಲವು ಕನ್ನಡ ತೋರಿಸಿದರೂ ಒತ್ತಕ್ಷರ ಕೂಡಿಸಲು ಬಾರದೆ ‘ಕೃಷ್ಣಪ್ಪ’ದಲ್ಲಿನ ಣ ಮತ್ತು ಪ ಒತ್ತುಗಳನ್ನು ಕೆಳಗಿಳಿಸದೆ ಪಕ್ಕಕ್ಕೆ ಸಾಲಾಗಿ ಇಡುತ್ತವೆ. ಹೀಗಾದರೆ ಪೆನ್ನಿನಲ್ಲಿ ಕೈಬರಹದಲ್ಲೇ ಬರೆಯಿರಿ. ಪುಟವನ್ನು ಎರಡು ಬೆರಳಿನಿಂದ ಮೂರು ಪಟ್ಟು ಹಿಗ್ಗಿಸಿಕೊಂಡರೆ ಅಕ್ಷರ ದುಂಡಗೆ ಬರುತ್ತವೆ.

ಕೊನೆಗೆ ಸಹಿ. ಅಕ್ರೊಬ್ಯಾಟ್‌ನಲ್ಲಿ Fill & Sign, ಐಫೋನ್‌ನಲ್ಲಿ ಮಾರ್ಕಪ್‌ನ ಕೂಡು ಚಿಹ್ನೆಯ ಕೆಳಗೆ ಸಹಿ ಸೇರಿಸುವ ಆಯ್ಕೆ ಇದೆ. ಫೋನನ್ನು ಅಡ್ಡ ಹಿಡಿದು ಗೀಚಿದರೆ ಬೆರಳಿಗೆ ಜಾಗ ಸಿಗುತ್ತದೆ. ಬೆರಳಿನ ಸಹಿ ಬ್ಯಾಂಕಿನ ಸಹಿಯಂತೆ ಕಾಣುವುದೇ ಇಲ್ಲ ಎನ್ನುವವರು ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಿಂದ ಸಹಿ ಹಾಕಿ, ಅಕ್ರೊಬ್ಯಾಟ್‌ನ ಕ್ಯಾಮೆರಾ ಆಯ್ಕೆಯಿಂದ ತೆಗೆದುಕೊಳ್ಳಬಹುದು. ಕಿಟಕಿಯ ಬೆಳಕಿನಲ್ಲಿ, ಕೈಯ ನೆರಳು ಬೀಳದಂತೆ ತೆಗೆಯಿರಿ. ನೆರಳು ಬಿದ್ದರೆ ಸಹಿಯ ಸುತ್ತ ಬೂದು ಮಚ್ಚೆ ಉಳಿಯುತ್ತದೆ. ಕಾಗದದ ಮೇಲೆ ಸಹಿಯ ಅಗಲ ಹೆಚ್ಚೆಂದರೆ 5 ಸೆಂಟಿಮೀಟರ್, ಎ4 ಹಾಳೆ 21 ಸೆಂಟಿಮೀಟರ್. ಆದ್ದರಿಂದ ಪರದೆಯಲ್ಲಿ ಪುಟದ ಅಗಲದ ಕಾಲು ಭಾಗ ದಾಟದಂತೆ ಸಹಿಯನ್ನು ಕುಗ್ಗಿಸಿ. ಒಮ್ಮೆ ಉಳಿಸಿದ ಸಹಿಯನ್ನೇ ಏಳೂ ಪುಟಕ್ಕೆ ಹಾಕಬಹುದು.

ಈ ಸಹಿಯೂ ಗಾಜಿನ ಮೇಲಿನದೇ ಆಗಿರಬಹುದು. ಪಡೆದವರು ಅದನ್ನು ಆರಿಸಿ ಅಳಿಸಬಹುದು, ಬೇರೆ ಕಡೆಗೆ ಎಳೆಯಬಹುದು. ಇದಕ್ಕೆ ಮದ್ದು ಗಾಜನ್ನೂ ಪುಟವನ್ನೂ ಒಂದಾಗಿಸುವುದು. ಆಂಡ್ರಾಯ್ಡ್‌ನಲ್ಲಿ ಪ್ರಿಂಟ್ ಒತ್ತಿ, ಮುದ್ರಕದ ಜಾಗದಲ್ಲಿ Save as PDF ಆರಿಸಿ. ಐಫೋನ್‌ನಲ್ಲಿ ಪ್ರಿಂಟ್ ಮುನ್ನೋಟವನ್ನು ಎರಡು ಬೆರಳಿನಿಂದ ಹಿಗ್ಗಿಸಿದರೆ ಅದೇ ಹೊಸ ಪಿಡಿಎಫ್ ಆಗುತ್ತದೆ, ಅಲ್ಲಿಂದ ಹಂಚಿಕೊಳ್ಳಬಹುದು. ಕಾಗದದ ಅಳತೆ A4 ಎಂದಿದೆಯೇ ನೋಡಿ. Letter ಎಂದಿದ್ದರೆ ಪುಟದ ಎತ್ತರ 792 ಪಾಯಿಂಟ್‌ಗೆ ಇಳಿದು, ಅಂಚಿಗೆ ಹಾಕಿದ ಸಹಿ ಕತ್ತರಿಸಿ ಹೋಗಬಹುದು ಅಥವಾ ಇಡೀ ಪುಟ ಕುಗ್ಗಬಹುದು. ಹೊಸ ಕಡತವನ್ನು ಬೇರೊಂದು ಆ್ಯಪ್‌ನಲ್ಲಿ ತೆರೆದು ಸಹಿಯ ಮೇಲೆ ಬೆರಳು ಒತ್ತಿ ಹಿಡಿಯಿರಿ. ಅದು ಅಲ್ಲಾಡದಿದ್ದರೆ ಒಂದಾಗಿದೆ. ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ, ಸ್ಕ್ರೀನ್‌ಶಾಟ್ ಆಗಿ ಅಲ್ಲ.

ಹೀಗೆ ಅಂಟಿಸಿದ್ದು ಸಹಿಯ ಚಿತ್ರ. ಡಿಜಿಟಲ್ ಸಹಿ ಎಂಬುದು ಬೇರೆ. ಅದು ಕಡತದ ಒಂದೊಂದು ಬೈಟನ್ನೂ ಲೆಕ್ಕಕ್ಕೆ ಹಿಡಿದು ಹಾಕಿದ ಗಣಿತದ ಮುದ್ರೆ. ಯುಐಡಿಎಐ ತಾಣದಿಂದ ಇಳಿಸಿಕೊಂಡ ಇ-ಆಧಾರ್‌ನಲ್ಲಿ ಅಂಥದ್ದಿದೆ. ಅದನ್ನು ತಿರುಗಿಸಿ ಬರೆದರೆ, ಆಫರ್ ಲೆಟರ್ ಜೊತೆ ಹೊಲಿದರೆ, ಪ್ರಿಂಟ್ ಮೂಲಕ ಹೊಸ ಪಿಡಿಎಫ್ ಮಾಡಿದರೆ ಚಿತ್ರ ಹಾಗೇ ಕಾಣುತ್ತದೆ, ಮುದ್ರೆ ಹೋಗಿರುತ್ತದೆ. ಕಂಪನಿ ಆಧಾರ್ ಕೇಳಿದ್ದರೆ ಅದನ್ನು ಬೇರೆ ಕಡತವಾಗಿಯೇ, ಇಳಿಸಿಕೊಂಡ ರೂಪದಲ್ಲೇ ಕಳಿಸಿ. ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ ಎಂದು ಒಂದು ಸಾಲು ಸೇರಿಸಿ. ಸಂಖ್ಯೆ ಮರೆಮಾಚಲು ಅದರ ಮೇಲೆ ಕಪ್ಪು ಪಟ್ಟಿ ಎಳೆಯಬೇಡಿ. ಪಟ್ಟಿಯೂ ಗಾಜಿನ ಮೇಲಿನದೇ. ಕೆಳಗಿನ ಅಂಕಿಗಳನ್ನು ಆರಿಸಿ ನಕಲು ಮಾಡಿದರೆ ಹನ್ನೆರಡೂ ಹೊರಬರುತ್ತವೆ. ಅದೇ ತಾಣದಲ್ಲಿ ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ತೋರಿಸುವ ಪ್ರತಿಯೂ ಸಿಗುತ್ತದೆ, ಇಳಿಸುವಾಗ ಅದನ್ನೇ ಆರಿಸಿಕೊಳ್ಳಿ.