ರಸವಾದಿ ಕುದಿಸುತ್ತಿದ್ದುದು ಲೋಹವನ್ನೋ, ತನ್ನನ್ನೋ?

ಪ್ರಶ್ನೆ: ‘ಮೇಲಿದ್ದಂತೆ ಕೆಳಗೆ’ ಎಂಬ ಹರ್ಮೆಟಿಕ್ ತತ್ವಕ್ಕೂ ಸೀಸವನ್ನು ಚಿನ್ನ ಮಾಡುವ ರಸವಿದ್ಯೆಗೂ ಏನು ಸಂಬಂಧ? ಚಿನ್ನ ಎಂದರೆ ಮನಸ್ಸಿನ ಮಾರ್ಪಾಡು ಎನ್ನುತ್ತಾರಲ್ಲ, ಅದು ನಿಜವೇ?

ಉತ್ತರ: ‘ಮೇಲಿದ್ದಂತೆ ಕೆಳಗೆ’ ಎಂಬ ಮಾತು ಬಂದದ್ದು ಹರ್ಮಿಸ್ ಟ್ರಿಸ್ಮೆಜಿಸ್ಟಸ್ ಎಂಬ ಪೌರಾಣಿಕ ಋಷಿಯ ಹೆಸರಲ್ಲಿರುವ ‘ಮರಕತ ಫಲಕ’ದಿಂದ. ಹತ್ತಾರು ಸಾಲಿನ ಪುಟ್ಟ ಪಠ್ಯ ಅದು. ನಮಗೆ ಸಿಕ್ಕಿರುವ ಅತಿ ಹಳೆಯ ರೂಪ ಅರಬ್ಬಿಯದು, ಸುಮಾರು 8–9ನೇ ಶತಮಾನದ್ದು. 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಹೋಯಿತು; ಮುಂದೆ ನ್ಯೂಟನ್ ಕೂಡ ಅದನ್ನು ತನ್ನ ಕೈಯಾರೆ ಇಂಗ್ಲಿಷಿಗೆ ಇಳಿಸಿಕೊಂಡ.

ಮೇಲಿರುವುದು ಕೆಳಗಿರುವುದರಂತೆ ಎಂದಷ್ಟೇ ಲ್ಯಾಟಿನ್ ಫಲಕ ಹೇಳುವುದಿಲ್ಲ. ‘ಒಂದೇ ವಸ್ತುವಿನ ಅದ್ಭುತಗಳು ನೆರವೇರಲು’ ಎಂದು ಸೇರಿಸುತ್ತದೆ. ಈ ಬಾಲ ಕತ್ತರಿಸಿದರೆ ಉಳಿಯುವುದು ಬರೀ ಹೋಲಿಕೆ. ಫಲಕ ಹೇಳುತ್ತಿರುವುದು ಕೆಲಸದ ಬಗ್ಗೆ. ಮುಂದಿನ ಸಾಲುಗಳನ್ನೇ ನೋಡಿ: ಸೂಕ್ಷ್ಮವನ್ನು ಸ್ಥೂಲದಿಂದ ಮೆಲ್ಲಗೆ, ಜಾಣ್ಮೆಯಿಂದ ಬೇರ್ಪಡಿಸು, ಅದು ಭೂಮಿಯಿಂದ ಆಕಾಶಕ್ಕೇರಿ ಮತ್ತೆ ಭೂಮಿಗಿಳಿಯುತ್ತದೆ.

ಬಟ್ಟಿ ಇಳಿಸುವುದನ್ನು ಕಂಡವರಿಗೆ ಇದು ತಕ್ಷಣ ಹೊಳೆಯುತ್ತದೆ. ಕೆಳಗಿನ ಪಾತ್ರೆ ಕಾಯುತ್ತದೆ, ಹಬೆ ಮೇಲಿನ ತಲೆಗೇರುತ್ತದೆ, ಅಲ್ಲಿ ತಣ್ಣಗಾಗಿ ಕೊಳವೆಯಲ್ಲಿ ಹನಿಹನಿಯಾಗಿ ಇಳಿಯುತ್ತದೆ. ಉರಿ ಜೋರಾದರೆ ತಳದ ದ್ರವ ಉಕ್ಕಿ ಹಬೆಯ ಜೊತೆ ಮೇಲೇರುತ್ತದೆ, ಹನಿ ಕದಡಿ ಬರುತ್ತದೆ. ‘ಮೆಲ್ಲಗೆ’ ಎಂಬ ಮಾತಿಗೆ ಇಲ್ಲಿ ನೇರ ಅರ್ಥವಿದೆ. ರಸವಾದಿಗೆ ಆ ಪಾತ್ರೆಯೇ ಒಂದು ಪುಟ್ಟ ಜಗತ್ತು: ತಳ ಭೂಮಿ, ತಲೆ ಆಕಾಶ, ಹನಿ ಮಳೆ. ನಮ್ಮ ಪಿಂಡಾಂಡ–ಬ್ರಹ್ಮಾಂಡದ ಮಾತು ಇದಕ್ಕೆ ಹತ್ತಿರದ್ದೇ, ಆದರೆ ಇಲ್ಲಿ ನಡುವೆ ಒಲೆಯೊಂದು ಉರಿಯುತ್ತಿದೆ.

ಮೇಲು–ಕೆಳಗು ಒಂದಕ್ಕೊಂದು ಹೊಂದುವುದಾದರೆ ಒಲೆಯ ಮುಂದೆ ಕೂತವನು ಹೊರಗುಳಿಯುವುದು ಹೇಗೆ? ಸುಮಾರು ಕ್ರಿ.ಶ. 300ರಲ್ಲಿ ಈಜಿಪ್ಟಿನ ರಸವಾದಿ ಝೊಸಿಮೊಸ್ ಒಂದು ಕನಸನ್ನು ಬರೆದಿಟ್ಟ: ಬಟ್ಟಲಿನಾಕಾರದ ಬಲಿಪೀಠ, ಅದರಲ್ಲಿ ಕುದಿಯುವ ಜನ; ತಾಮ್ರದ ಮನುಷ್ಯ ಬೆಳ್ಳಿಯವನಾಗುತ್ತಾನೆ, ಮುಂದೆ ಚಿನ್ನದವನೂ ಆಗಬಲ್ಲ. ಇದೇ ಝೊಸಿಮೊಸ್ ಬಟ್ಟಿಪಾತ್ರೆಗಳ ಅಳತೆ, ರಚನೆಗಳನ್ನೂ ವಿವರವಾಗಿ ಬರೆದವನು.

ಹಾಗಾಗಿ ರಸವಿದ್ಯೆ ‘ನಿಜಕ್ಕೂ’ ಬರೀ ಅಂತರಂಗದ ಸಂಕೇತವಾಗಿತ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಓದು ಬಲಗೊಂಡದ್ದು 19ನೇ ಶತಮಾನದಲ್ಲಿ. 20ನೇ ಶತಮಾನದಲ್ಲಿ ಮನೋವೈದ್ಯ ಕಾರ್ಲ್ ಯೂಂಗ್ ಅದನ್ನು ಮನಶ್ಶಾಸ್ತ್ರದಲ್ಲಿ ಬೆಳೆಸಿದ. ಹಳಬರ ಮೂಸೆಯಲ್ಲಿ ನಿಜವಾದ ಸೀಸ, ಪಾದರಸ, ಗಂಧಕವೇ ಇದ್ದವು. ಸೀಸ ಒಲೆಯ ಕಾವಿಗೆ ಚಿನ್ನವಾಗುವುದಿಲ್ಲ, ಅದು ಬೇರೆ ಮಾತು. ಆದರೆ ಕುಲುಮೆ ಮತ್ತು ಮನಸ್ಸು ಅವರಿಗೆ ಎರಡು ಕಸುಬಾಗಿರಲಿಲ್ಲ. ಥಿಯೊಸೆಬಿಯಾ ಎಂಬ ಶಿಷ್ಯೆಗೆ ಝೊಸಿಮೊಸ್ ಬರೆದದ್ದು ಇದನ್ನೇ: ಅಲೆಯಬೇಡ, ಮನೆಯಲ್ಲಿ ಕೂರು; ಆಸೆ, ಸಿಟ್ಟು, ದುಃಖಗಳನ್ನು ತಣಿಸು; ನಿನ್ನನ್ನು ನೀನು ಅರಿತಮೇಲೆ ಲೋಹಕ್ಕೆ ಬಣ್ಣ ಹತ್ತುತ್ತದೆ.